ಆ 18 ಜೂಲ್ ಎಲ್ಲಿಂದ ಬಂತು?

ಐಸ್ ಮೇಲೆ ಗಿರಗಿರ ತಿರುಗುವ ಸ್ಕೇಟರ್ ಚಾಚಿದ ಕೈಗಳನ್ನು ಎದೆಗೆ ಎಳೆದುಕೊಂಡರೆ ವೇಗ ಹೆಚ್ಚಾಗುತ್ತೆ. ಇದನ್ನು ಪಿಯುಸಿಯಿಂದ ಕೇಳ್ತಾನೇ ಬಂದಿದ್ದೀವಿ. ಕಾರಣವೂ ಬಾಯಿಪಾಠ: ಹೊರಗಿನಿಂದ ಟಾರ್ಕ್ ಇಲ್ಲ, ಹಾಗಾಗಿ ಕೋನೀಯ ಸಂವೇಗ, ಅಂದ್ರೆ ನಾವು ಕ್ಲಾಸಿನಲ್ಲಿ ಅನ್ನೋ ಆಂಗ್ಯುಲರ್ ಮೊಮೆಂಟಮ್, ಬದಲಾಗೋದಿಲ್ಲ. L = Iω. ಕೈ ಒಳಗೆ ಬಂದರೆ I ಕಡಿಮೆ, ಆದ್ದರಿಂದ ω ಜಾಸ್ತಿ. ಎರಡು ಮಾರ್ಕ್ಸ್ ಬಂತು, ಮುಂದಿನ ಪ್ರಶ್ನೆ.

ಆದರೆ ಅದೇ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆದು ನೋಡಿ. ತಿರುಗುವ ವಸ್ತುವಿನ ಚಲನ ಶಕ್ತಿ ½Iω². ಇದನ್ನು L ಬಳಸಿ ಬರೆದರೆ L²/2I. ಮೇಲಿರುವ L ಬದಲಾಗಲಿಲ್ಲ, ಕೆಳಗಿರುವ I ಕಡಿಮೆ ಆಯ್ತು. ಅಂದ್ರೆ ಶಕ್ತಿ ಹೆಚ್ಚಾಯ್ತು. I ಅರ್ಧ ಆದರೆ ಶಕ್ತಿ ಎರಡು ಪಟ್ಟು. ಹೊರಗಿನಿಂದ ಯಾರೂ ತಳ್ಳಿಲ್ಲ, ಮೋಟಾರ್ ಇಲ್ಲ. ಹಾಗಾದ್ರೆ ಈ ಶಕ್ತಿ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ನಮಗೆ ಕೇಳಿದ್ದು ಯಾವ ಎಕ್ಸಾಮಿನರೂ ಅಲ್ಲ, ಕುರುಗೋಡಿನ ಒಂಬತ್ತನೇ ಕ್ಲಾಸಿನ ಹುಡುಗಿ. ನಮ್ಮ ಕನ್ನಡ ಬಳಗದಿಂದ ಅಲ್ಲಿಯ ಒಂದು ಶಾಲೆಗೆ ವಿಜ್ಞಾನದ ಪ್ರಯೋಗಗಳನ್ನು ಕನ್ನಡದಲ್ಲೇ ತೋರಿಸಲು ಹೋಗಿದ್ದೆವು. ನಾವು ಮೂವರು: ಒಬ್ಬ ಬಳ್ಳಾರಿಯ ಕೌಲ್ ಬಜಾರಿನವನು, ಒಬ್ಬ ಸಿರುಗುಪ್ಪದವನು, ಇನ್ನೊಬ್ಬಳು ಕುರುಗೋಡಿನವಳೇ. ತಿರುಗುವ ಸ್ಟೂಲಿನ ಮೇಲೆ ಒಬ್ಬರನ್ನು ಕೂರಿಸಿ, ಎರಡು ಕೈಗೂ ನೀರಿನ ಬಾಟಲಿ ಕೊಟ್ಟು ತಿರುಗಿಸಿದೆವು. ಕೈ ಮಡಚಿದ ಕೂಡಲೇ ಸ್ಟೂಲ್ ರೊಯ್ಯನೆ ತಿರುಗಿತು, ಮಕ್ಕಳು ಕೂಗಿದರು. ಕೂಗು ನಿಂತ ಮೇಲೆ ಆಕೆ ಎದ್ದು ನಿಂತು ಕೇಳಿದಳು: “ಅಣ್ಣಾ, ಜೋರಾಗಿ ತಿರುಗಬೇಕಂದ್ರ ಶಕ್ತಿ ಬೇಕಲ್ಲ, ಅದು ಎಲ್ಲಿಂದ ಬಂತು? ನೀವು ಆಮೇಲೆ ದಬ್ಬಲೇ ಇಲ್ಲ.”

“ಕೈಯಿಂದ ಬಂತಮ್ಮ” ಅಂದೆವು. ಅದು ಸರಿಯಾದ ಉತ್ತರವೇ. ಆದರೆ ಆಕೆ ಬಿಡಲಿಲ್ಲ: “ಕೈ ಒಳಕ್ಕೆ ಎಳೀತು. ಸ್ಟೂಲು ಸುತ್ತ ತಿರುಗ್ತು. ಒಳಕ್ಕೆ ಎಳೆದ್ರ ಸುತ್ತ ಯಾಕ ತಿರುಗಬೇಕು?” ಮುಂದಿನ ಪ್ರಯೋಗಕ್ಕೆ ಹೊತ್ತಾಗಿತ್ತು, ಮೇಷ್ಟ್ರು ಬೆಲ್ ಹೊಡೆಸಿದರು. ಒಂದು ಮಾತಿನ ಉತ್ತರ ಅಲ್ಲಿಗೆ ಸಾಲೋದಿಲ್ಲ ಅಂತ ನಮಗೂ ಗೊತ್ತಿತ್ತು. ಹಾಗಾಗಿ ಲೆಕ್ಕವನ್ನು ಪೈಸೆ ಪೈಸೆ ಹೊಂದುವ ಹಾಗೆ ಮಾಡಿ, ಒಂದು ಪುಟ ಬರೆದು ಆ ಶಾಲೆಗೆ ಕಳಿಸಬೇಕು ಅಂತ ತೀರ್ಮಾನಿಸಿದೆವು. ಆ ಪುಟ ಬರೆಯುವ ಮೊದಲು ನಾವು ಮಾಡಿದ ಕೆಲಸವೇ ಈ ಲೇಖನ.

ಮೊದಲು ಅಳತೆ

ನಮ್ಮ ಸ್ಟೂಲ್ ಅಂಗಡಿಯದಲ್ಲ. ಬಳ್ಳಾರಿಯ ಗ್ಯಾರೇಜೊಂದರಲ್ಲಿ ಸಿಕ್ಕ ಹಳೇ ವೀಲ್ ಹಬ್ಬನ್ನು ಬೇರಿಂಗ್ ಸಮೇತ ತಂದು, ಕೆಳಗೆ ಕಬ್ಬಿಣದ ಪಾದ, ಮೇಲೆ ದುಂಡನೆ ಹಲಗೆ ಹಾಕಿಸಿದ್ದು. ಹಲಗೆಯ ತ್ರಿಜ್ಯ 20 ಸೆಂ.ಮೀ. ಕೂತವರ ಕಾಲಿನ ಕೆಳಗೆ ಒಂದು ಅಡ್ಡಪಟ್ಟಿ ಇದೆ, ಅದೂ ಜೊತೆಗೇ ತಿರುಗುತ್ತೆ. ಕಾಲು ನೆಲಕ್ಕೆ ತಾಗಿದರೆ ಪ್ರಯೋಗ ಅಲ್ಲಿಗೇ ಮುಗೀತು, ನೆಲ ಹೊರಗಿನ ಟಾರ್ಕ್ ಕೊಟ್ಟುಬಿಡುತ್ತೆ. ಕೈಗೆ ಎರಡು ಲೀಟರಿನ ಬಾಟಲಿಗಳು, ಒಂದೊಂದು 2 ಕೆಜಿ. ಕುತ್ತಿಗೆವರೆಗೂ ನೀರು ತುಂಬಬೇಕು, ಅರ್ಧ ತುಂಬಿದರೆ ಒಳಗೆ ನೀರು ಕುಲುಕಾಡಿ ಅಳತೆ ಕೆಡುತ್ತೆ.

ವೇಗ ಅಳೆಯೋಕೆ ಮೊಬೈಲ್ ಸಾಕು. phyphox ಆ್ಯಪ್‌ನಲ್ಲಿ ಗೈರೊಸ್ಕೋಪ್ ಆನ್ ಮಾಡಿ, ಫೋನನ್ನು ಹಲಗೆಗೆ ಟೇಪ್ ಹಚ್ಚಿದೆವು. ನಡುವೆಯೇ ಇಡಬೇಕು ಅಂತಿಲ್ಲ, ಒಟ್ಟಿಗೆ ತಿರುಗುವ ಹಲಗೆಯ ಮೇಲೆ ಎಲ್ಲಿಟ್ಟರೂ ಕೋನೀಯ ವೇಗ ಒಂದೇ.

ಕೈ ಚಾಚಿದಾಗ ಸೆಕೆಂಡಿಗೆ 2.0 ರೇಡಿಯನ್ ಇತ್ತು, ಅಂದ್ರೆ ಒಂದು ಸುತ್ತಿಗೆ ಸುಮಾರು ಮೂರು ಸೆಕೆಂಡ್. ಒಂದು ಸೆಕೆಂಡಿನಲ್ಲಿ ಕೈ ಮಡಚಿದಾಗ 4.9 ಆಯ್ತು. ಇಲ್ಲೊಂದು ಎಚ್ಚರ ಬೇಕು. ಈ ಎರಡು ಅಂಕಿ ಹಿಡಿದು “I ಇಷ್ಟು ಪಟ್ಟು ಕಡಿಮೆ ಆಯ್ತು, ಆದ್ದರಿಂದ L ಬದಲಾಗಲಿಲ್ಲ” ಅಂದರೆ ಅದು ನಾಯಿ ತನ್ನ ಬಾಲ ತಾನೇ ಹಿಡಿದ ಹಾಗೆ. L ಬದಲಾಗಲಿಲ್ಲ ಅಂತ ಒಪ್ಪಿಕೊಂಡೇ ಅಲ್ಲವೇ I ಲೆಕ್ಕ ಹಾಕಿದ್ದು? I ಎಷ್ಟು ಅಂತ ಬೇರೆ ದಾರಿಯಿಂದ ಗೊತ್ತಾಗಬೇಕು.

ಅದಕ್ಕೆ ಹಲಗೆಯ ಅಂಚಿಗೆ ದಾರ ಸುತ್ತಿ, ಟೇಬಲ್ಲಿನ ತುದಿಯಲ್ಲಿ ಒಂದು ರಾಟೆಯ ಮೇಲೆ ಹಾಯಿಸಿ, ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದೆವು. ಬಾಟಲಿ ಇಳಿಯುತ್ತಾ ಕೊಡುವ ಟಾರ್ಕ್ ಸುಮಾರು 1 × 9.8 × 0.2, ಅಂದ್ರೆ 1.96 ನ್ಯೂಟನ್-ಮೀಟರ್. ಬೇರಿಂಗಿನ ಘರ್ಷಣೆ ಇದರಲ್ಲಿ 0.2 ತಿಂದುಹಾಕುತ್ತೆ. ಸುಮ್ಮನೆ ತಿರುಗಲು ಬಿಟ್ಟಾಗ ವೇಗ ಎಷ್ಟು ಬೇಗ ಇಳಿಯುತ್ತೆ ಅಂತ ನೋಡಿ ಇದನ್ನು ಕಂಡುಕೊಂಡೆವು. ಉಳಿದ 1.76ಕ್ಕೆ ಕೈ ಚಾಚಿದವರ ಕೋನೀಯ ವೇಗೋತ್ಕರ್ಷ 0.29 ಬಂತು, ಕೈ ಮಡಚಿದವರದು 0.73. ಭಾಗಿಸಿ ನೋಡಿದರೆ I ಮೊದಲು ಸುಮಾರು 6, ಆಮೇಲೆ ಸುಮಾರು 2.4 ಕೆಜಿ-ಮೀ².

ಈಗ L ನೋಡಿ. ಮೊದಲು 6 × 2.0 = 12. ಆಮೇಲೆ 2.4 × 4.9 = 11.8. ಆ ಒಂದು ಸೆಕೆಂಡಿನಲ್ಲಿ ಬೇರಿಂಗ್ ತಿಂದದ್ದು 0.2. ಪೂರ್ತಿ ಹೊಂದಿತು. ಮುಂದಿನ ಲೆಕ್ಕಕ್ಕೆ ಘರ್ಷಣೆ ಬಿಟ್ಟು 4.9ನ್ನು 5 ಅಂತಲೇ ಇಟ್ಟುಕೊಳ್ಳೋಣ.

ಚಲನ ಶಕ್ತಿ ಮೊದಲು ½ × 6 × 2² = 12 ಜೂಲ್. ಆಮೇಲೆ ½ × 2.4 × 5² = 30 ಜೂಲ್. ಹೆಚ್ಚಾದದ್ದು 18 ಜೂಲ್.

ಒಳಗಿನ ಬಲ ಏನು ಮಾಡಬಹುದು, ಏನು ಮಾಡಲಾರದು

ನಮ್ಮ ಹಾಸ್ಟೆಲ್ಲಿನಲ್ಲಿ ಈ ಲೆಕ್ಕ ತೋರಿಸಿದಾಗ ಬಂದ ಮೊದಲ ಆಕ್ಷೇಪ ಇದು: “ಕೈ ಎಳೆಯೋದು ಒಳಗಿನ ಬಲ ಕಣೋ. ಒಳಗಿನ ಬಲದಿಂದ ಏನೂ ಬದಲಾಗಲ್ಲ.”

ಇದು ಅರ್ಧ ಮಾತ್ರ ನಿಜ. ಒಳಗಿನ ಬಲಗಳು ಜೋಡಿಜೋಡಿಯಾಗಿ ಇರುತ್ತವೆ. ಭುಜ ಬಾಟಲಿಯನ್ನು ಎಷ್ಟು ಎಳೆಯುತ್ತೋ ಬಾಟಲಿ ಭುಜವನ್ನು ಅಷ್ಟೇ ಎಳೆಯುತ್ತೆ, ಎದುರು ದಿಕ್ಕಿಗೆ, ಅದೇ ಗೆರೆಯ ಮೇಲೆ. ಹಾಗಾಗಿ ಅವುಗಳ ಟಾರ್ಕ್ ಕೂಡಿಸಿದರೆ ಸೊನ್ನೆ. ಕೋನೀಯ ಸಂವೇಗ ಬದಲಾಗದಿರಲು ಇದೇ ಕಾರಣ. ಆದರೆ ಕೆಲಸ ಅನ್ನೋದು ಬಲ ಮಾತ್ರ ಅಲ್ಲ, ಬಲ ಮತ್ತು ಸರಿದ ದೂರದ ಗುಣಲಬ್ಧ. ಜೋಡಿಯ ಎರಡು ತುದಿಗಳು ಒಂದೇ ದೂರ ಸರಿಯಬೇಕು ಅಂತ ಯಾವ ನಿಯಮವೂ ಇಲ್ಲ. ಬಾಟಲಿ ಒಳಕ್ಕೆ 65 ಸೆಂ.ಮೀ. ಬಂತು, ಭುಜ ಇದ್ದಲ್ಲೇ ಇತ್ತು. ಎರಡು ತುದಿ ಒಂದಕ್ಕೊಂದು ಎಷ್ಟು ಹತ್ತಿರ ಬಂದವೋ ಅಷ್ಟು ದೂರಕ್ಕೆ ಎಳೆಯುವ ಬಲ ಕೆಲಸ ಮಾಡಿದೆ. ಅದು ರದ್ದಾಗೋದಿಲ್ಲ.

ಅಂದ್ರೆ ಒಳಗಿನ ಬಲ L ಮುಟ್ಟಲಾರದು, ಆದರೆ ಚಲನ ಶಕ್ತಿಯನ್ನು ಧಾರಾಳವಾಗಿ ಬದಲಾಯಿಸಬಲ್ಲದು. ಎರಡು ಗಾಡಿಗಳ ನಡುವೆ ಅದುಮಿಟ್ಟ ಸ್ಪ್ರಿಂಗ್ ಬಿಟ್ಟಾಗಲೂ ಇದೇ ಆಗುತ್ತೆ. ಒಟ್ಟು ಸಂವೇಗ ಸೊನ್ನೆಯೇ ಉಳಿಯುತ್ತೆ, ಚಲನ ಶಕ್ತಿ ಮಾತ್ರ ಸೊನ್ನೆಯಿಂದ ಮೇಲೇಳುತ್ತೆ.

ಎರಡನೇ ಆಕ್ಷೇಪ ಇನ್ನೂ ಚುರುಕಾಗಿತ್ತು: “ಕೇಂದ್ರದ ಕಡೆ ಎಳೆಯುವ ಬಲ ಯಾವಾಗಲೂ ವೇಗಕ್ಕೆ ಲಂಬ. ಲಂಬ ಆದರೆ ಕೆಲಸ ಸೊನ್ನೆ.” ವೃತ್ತದ ಮೇಲೆ ಓಡುವ ವಸ್ತುವಿಗೆ ಈ ಮಾತು ಸರಿ. ಆದರೆ ಕೈ ಮಡಚುವ ಆ ಒಂದು ಸೆಕೆಂಡಿನಲ್ಲಿ ಬಾಟಲಿಯ ದಾರಿ ವೃತ್ತ ಅಲ್ಲ, ಒಳಕ್ಕೆ ಸುತ್ತಿಕೊಳ್ಳುವ ಸುರುಳಿ. ಸುರುಳಿಯ ಮೇಲೆ ವೇಗಕ್ಕೆ ಒಳಮುಖವಾದ ಒಂದು ಪಾಲು ಇದ್ದೇ ಇರುತ್ತೆ. ಬಲವೂ ಒಳಕ್ಕೆ, ಸರಿಯೋದೂ ಒಳಕ್ಕೆ. ಕೆಲಸ ಸೊನ್ನೆ ಅಲ್ಲ.

18 ಜೂಲಿನ ಲೆಕ್ಕ

ಹಾಗಾದರೆ ಎಳೆದ ಕೆಲಸ ನಿಜಕ್ಕೂ 18 ಜೂಲ್ ಆಗುತ್ತಾ? ಬಾಟಲಿಯನ್ನು ಒಳಗೆ ತರಲು ಬೇಕಾದ ಬಲ mω²r. ಶುರುವಿನಲ್ಲಿ r 0.85 ಮೀಟರ್, ω 2: ಬಲ 2 × 4 × 0.85 = 6.8 ನ್ಯೂಟನ್. ಕೊನೆಯಲ್ಲಿ r 0.2, ω 5: ಬಲ 2 × 25 × 0.2 = 10 ನ್ಯೂಟನ್. ನಡುದಾರಿಯಲ್ಲಿ ω ಸುಮಾರು 3.2 ಇರುವಾಗ ಬಲ 11ರ ಆಸುಪಾಸು. ದೂರ ಕಡಿಮೆ ಆದರೂ ಬಲ ಕಡಿಮೆ ಆಗೋದಿಲ್ಲ, ಯಾಕಂದ್ರೆ ω ವರ್ಗವಾಗಿ ಬೆಳೆಯುತ್ತಿದೆ. ಸರಾಸರಿ 10 ನ್ಯೂಟನ್ ಅಂತ ಹಿಡಿದು 0.65 ಮೀಟರಿಗೆ ಗುಣಿಸಿದರೆ ಒಂದು ಬಾಟಲಿಗೆ 6.5 ಜೂಲ್, ಎರಡಕ್ಕೆ 13.

ಉಳಿದ 5? ಕೈಗಳಿಗೂ ತೂಕ ಇದೆಯಲ್ಲ. 60 ಕೆಜಿ ಮನುಷ್ಯನ ಒಂದೊಂದು ಕೈ ಸುಮಾರು 3 ಕೆಜಿ. ಅದರ ತೂಕದ ನಡುಬಿಂದು ಅಕ್ಷದಿಂದ ಸುಮಾರು 45 ಸೆಂ.ಮೀ. ದೂರದಿಂದ 24ಕ್ಕೆ ಬಂತು ಅಂದುಕೊಂಡು ಇದೇ ಲೆಕ್ಕ ಮಾಡಿದರೆ ಎರಡೂ ಕೈ ಸೇರಿ ಸುಮಾರು 5 ಜೂಲ್. 13 ಮತ್ತು 5, ಹದಿನೆಂಟು. ಚಲನ ಶಕ್ತಿಯ ಕಡೆಯಿಂದ ಬಂದ ಉತ್ತರ, ಎಳೆದ ಬಲದ ಕಡೆಯಿಂದಲೂ ಬಂತು.

ಇದು ಕಾಕತಾಳೀಯ ಅಲ್ಲ. ಶಕ್ತಿ L²/2I ಅನ್ನೋದನ್ನು ಡಿಫರೆನ್ಷಿಯೇಟ್ ಮಾಡಿದರೆ dE = −½ω² dI ಬರುತ್ತೆ. ತ್ರಿಜ್ಯ ಬದಲಾದಾಗ dI = 2mr dr. ಎರಡನ್ನೂ ಸೇರಿಸಿದರೆ dE = −mω²r dr. ಬಲಗಡೆ ಇರೋದು ಬೇರೇನಲ್ಲ, ಒಳಕ್ಕೆ ಎಳೆದ ಬಲ ಗುಣಿಸು ಒಳಕ್ಕೆ ಸರಿದ ದೂರ. ಎರಡು ಸಾಲಿನ ಈ ಲೆಕ್ಕವನ್ನು ನೋಟ್ಸಿನ ಅಂಚಿನಲ್ಲಿ ಒಮ್ಮೆ ಕೈಯಾರೆ ಮಾಡಿ.

ಒಳಕ್ಕೆ ಎಳೆದರೆ ಸುತ್ತ ಯಾಕೆ ತಿರುಗಬೇಕು?

ಕುರುಗೋಡಿನ ಹುಡುಗಿಯ ನಿಜವಾದ ಪ್ರಶ್ನೆ ಇದು. ಶಕ್ತಿಯ ಮೊತ್ತ ಹೊಂದಿದರೂ ಇದಕ್ಕೆ ಉತ್ತರ ಸಿಗೋದಿಲ್ಲ. ಉತ್ತರ ಸಿಕ್ಕಿದ್ದು ಆ 18 ಜೂಲ್ ಕೊನೆಗೆ ಯಾರ ಹತ್ತಿರ ಉಳಿಯಿತು ಅಂತ ಹುಡುಕಿದಾಗ.

ಬಾಟಲಿಯನ್ನೇ ನೋಡಿ. ಕೈ ಚಾಚಿದಾಗ ಅದರ ವೇಗ 2 × 0.85 = ಸೆಕೆಂಡಿಗೆ 1.7 ಮೀಟರ್. ಮಡಚಿದ ಮೇಲೆ 5 × 0.2 = 1 ಮೀಟರ್. ನಾವು ಎಳೆದದ್ದು ಬಾಟಲಿಯನ್ನು, ಆದರೆ ಬಾಟಲಿ ನಿಧಾನವಾಯ್ತು! ಎರಡೂ ಬಾಟಲಿಗಳ ಶಕ್ತಿ ಸೇರಿ 5.8 ಜೂಲ್ ಇದ್ದದ್ದು 2ಕ್ಕೆ ಇಳಿಯಿತು. ಹೆಚ್ಚಾದದ್ದು ಮುಂಡ, ತಲೆ, ಕಾಲು, ಹಲಗೆ ಇವುಗಳದು. ಇವುಗಳ I ಸುಮಾರು 1.9, ಅದು ಬದಲಾಗಲೇ ಇಲ್ಲ. ಶಕ್ತಿ ಮಾತ್ರ 3.8ರಿಂದ ಸುಮಾರು 23.6 ಜೂಲ್‌ಗೆ ಏರಿತು. ಕೈಗಳದು ಇನ್ನೆರಡು ಜೂಲ್ ಹೆಚ್ಚಾಯ್ತು. ಕೂಡಿ ಕಳೆದರೆ ಮತ್ತೆ 18.

ಅಂದ್ರೆ ಬಾಟಲಿಯಿಂದ ದೇಹಕ್ಕೆ ಏನೋ ದಾಟಿದೆ. ಹೇಗೆ ದಾಟಿತು ಅನ್ನೋದು ಸರಳ. ಬಾಟಲಿ 1.7 ಮೀಟರ್ ವೇಗದಲ್ಲಿ ಓಡುತ್ತಿದೆ. ಅದನ್ನು ಅಕ್ಷದಿಂದ ಅರ್ಧ ಮೀಟರ್ ದೂರಕ್ಕೆ ತಂದಿರಿ ಅನ್ನಿ. ಸ್ಟೂಲ್ ಹಳೇ ವೇಗದಲ್ಲೇ ತಿರುಗುತ್ತಿದ್ದರೆ ಆ ಜಾಗಕ್ಕೆ ತಕ್ಕ ವೇಗ 2 × 0.5 = 1 ಮೀಟರ್ ಮಾತ್ರ. ಬಾಟಲಿ ಆ ಜಾಗಕ್ಕಿಂತ ಜೋರಾಗಿ ಬಂದಿದೆ. ಹಾಗಾಗಿ ಅದು ಕೈಯನ್ನು ತಿರುಗುವ ದಿಕ್ಕಿಗೆ ಮುಂದಕ್ಕೆ ದಬ್ಬುತ್ತೆ. ಕೈ ಭುಜವನ್ನು, ಭುಜ ಮುಂಡವನ್ನು, ಮುಂಡ ಹಲಗೆಯನ್ನು ದಬ್ಬುತ್ತೆ. ಕೈ ಎದುರಾಗಿ ಬಾಟಲಿಯನ್ನು ಹಿಂದಕ್ಕೆ ತಡೆಯುತ್ತೆ, ಬಾಟಲಿ ನಿಧಾನವಾಗುತ್ತೆ. ಬಸ್ ನಿಲ್ಲುವ ಮೊದಲೇ ಓಡುತ್ತಾ ಇಳಿದವನು ಮುಂದೆ ನಿಂತವನಿಗೆ ಡಿಕ್ಕಿ ಹೊಡೆದ ಹಾಗೆ. ಸ್ಟೂಲಿನ ಜೊತೆಗೇ ತಿರುಗುತ್ತಾ ಕೂತವರು ಇದೇ ಅಡ್ಡ ನೂಕನ್ನು ಕೊರಿಯೊಲಿಸ್ ಬಲ ಅಂತ ಕರೀತಾರೆ.

ಇದನ್ನು ಲೆಕ್ಕವಿಲ್ಲದೆಯೂ ಗುರುತಿಸಬಹುದು. ಸ್ಟೂಲಿನ ಮೇಲೆ ಕೂತು ಕೈ ಮಡಚುವಾಗ ಬಾಟಲಿ ನೇರ ಎದೆಗೆ ಬರೋದಿಲ್ಲ, ತಿರುಗುವ ದಿಕ್ಕಿಗೆ ಜಾರಲು ನೋಡುತ್ತೆ. ನಮ್ಮ ಪೈಕಿ ಕುರುಗೋಡಿನವಳು ಇದನ್ನು ಮೊದಲು ಹೇಳಿದ್ದು: “ಬಾಟ್ಲಿ ಯಾಕೋ ಪಕ್ಕಕ್ಕೆ ಎಳೀತೈತೆ.” ಆ ಪಕ್ಕದ ಎಳೆತವೇ ಸ್ಟೂಲನ್ನು ತಿರುಗಿಸಿದ ಬಲ.

ಐಡಿ ಕಾರ್ಡಿನ ಟ್ಯಾಗ್: ನೋಡಲು ಅದೇ, ಆದರೆ ಅಲ್ಲ

ಬೋರಿಂಗ್ ಕ್ಲಾಸಿನಲ್ಲಿ ಐಡಿ ಕಾರ್ಡಿನ ಟ್ಯಾಗನ್ನು ಬೆರಳಿಗೆ ಸುತ್ತಿಸೋದು ಎಲ್ಲರಿಗೂ ಗೊತ್ತು. ಟ್ಯಾಗ್ ಬೆರಳಿಗೆ ಸುತ್ತಿಕೊಂಡಷ್ಟೂ ಕಾರ್ಡ್ ಜೋರಾಗಿ ಸುತ್ತುತ್ತೆ. “ಇದೂ ಸ್ಕೇಟರ್ ಥರಾನೇ” ಅಂತ ಬಹಳ ಜನ ಅಂತಾರೆ. ಅಲ್ಲ. ಇವೆರಡನ್ನೂ ಬೇರೆ ಮಾಡಲು ಬಂದರೆ ವಿಷಯ ಅರ್ಥವಾಗಿದೆ ಅಂತಲೇ ಲೆಕ್ಕ.

ಬೆರಳು ಅಲ್ಲಾಡದೆ ನಿಂತಿದೆ ಅನ್ನಿ. ಟ್ಯಾಗನ್ನು ಯಾರೂ ಒಳಕ್ಕೆ ಎಳೆಯುತ್ತಿಲ್ಲ, ಅದು ತಾನೇ ಸುತ್ತಿಕೊಳ್ಳುತ್ತಿದೆ. ಟ್ಯಾಗ್ ಬೆರಳನ್ನು ಬಿಡುವ ಬಿಂದು ಆ ಕ್ಷಣಕ್ಕೆ ನಿಂತಿರುತ್ತೆ, ಕಾರ್ಡ್ ಆ ಬಿಂದುವಿನ ಸುತ್ತ ಓಡುತ್ತೆ. ಹಾಗಾಗಿ ಎಳೆತ ಕಾರ್ಡಿನ ವೇಗಕ್ಕೆ ನಿಜಕ್ಕೂ ಲಂಬ. ಇಲ್ಲಿ ಕೆಲಸ ಸೊನ್ನೆ. ಗಾಳಿ, ಗುರುತ್ವ ಬಿಟ್ಟರೆ ಕಾರ್ಡಿನ ವೇಗ ಮೊದಲಿನಷ್ಟೇ. ಉದ್ದ ಕಡಿಮೆ ಆದ್ದರಿಂದ ಒಂದು ಸುತ್ತಿಗೆ ಹಿಡಿಯುವ ಹೊತ್ತು ಮಾತ್ರ ಕಡಿಮೆ. ಆದರೆ ಎಳೆತದ ಗೆರೆ ಬೆರಳಿನ ನಡುವಿನಿಂದ ಹಾಯೋದಿಲ್ಲ, ಬೆರಳಿನ ಅಂಚಿನಿಂದ ಹಾಯುತ್ತೆ. ಆದ್ದರಿಂದ ಬೆರಳಿನ ನಡುವಿನ ಸುತ್ತ ಅದಕ್ಕೆ ಟಾರ್ಕ್ ಇದೆ, ಕೋನೀಯ ಸಂವೇಗ ಇಳಿಯುತ್ತೆ. ಬೆರಳಿಗೆ ಸಿಗುವ ತಿರುಚು ಅದೇ.

ಅಂದ್ರೆ ಸ್ಟೂಲಿನಲ್ಲಿ L ಉಳಿಯಿತು, ಶಕ್ತಿ ಬದಲಾಯಿತು. ಟ್ಯಾಗಿನಲ್ಲಿ ಶಕ್ತಿ ಉಳಿಯಿತು, L ಬದಲಾಯಿತು. ಪರೀಕ್ಷಿಸೋದು ಹೇಗೆ? ಖಾಲಿ ಪೆನ್ನಿನ ಕೊಳವೆಯಲ್ಲಿ ದಾರ ತೂರಿಸಿ, ತುದಿಗೆ ಒಂದು ರಬ್ಬರ್ ಕಟ್ಟಿ ತಿರುಗಿಸಿ, ಇನ್ನೊಂದು ತುದಿಯಿಂದ ದಾರ ಎಳೆಯಿರಿ. ಉದ್ದ ಅರ್ಧ ಆದಾಗ ಸುತ್ತುವ ವೇಗ ನಾಲ್ಕು ಪಟ್ಟು ಆಗುತ್ತೆ. ಬೆರಳಿಗೆ ಸುತ್ತಿಕೊಳ್ಳುವ ಟ್ಯಾಗಿನಲ್ಲಿ ಉದ್ದ ಅರ್ಧ ಆದಾಗ ಎರಡೇ ಪಟ್ಟು. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಸುತ್ತು ಎಣಿಸಿದರೆ ವ್ಯತ್ಯಾಸ ಕಾಣುತ್ತೆ. ದಾರ ಎಳೆಯುವ ಕೈಗೆ ಬಿಗಿಯೂ ತಿಳಿಯುತ್ತೆ: ಒಳಗೆ ಬಂದಷ್ಟೂ ದಾರ ಗಟ್ಟಿಯಾಗಿ ಎಳೆಯುತ್ತೆ.

ಹಿಡಿದು ಕೂತರೆ ಯಾಕೆ ಹೆಚ್ಚಾಗಲ್ಲ?

ಕೈ ಮಡಚಿದ ಮೇಲೂ ಬಾಟಲಿಗಳನ್ನು ಒಳಗೇ ಹಿಡಿದಿಡಲು ಒಂದೊಂದಕ್ಕೆ 10 ನ್ಯೂಟನ್ ಬೇಕು. ಕೈ ನೋಯುತ್ತೆ, ಆದರೆ ಸ್ಟೂಲ್ ಇನ್ನಷ್ಟು ಜೋರಾಗೋದಿಲ್ಲ. ಶ್ರಮ ಪಡುತ್ತಿದ್ದೀವಲ್ಲ, ಆ ಶಕ್ತಿ ಎಲ್ಲಿ ಹೋಯ್ತು?

ಸಿರುಗುಪ್ಪದ ನಮ್ಮ ಗೆಳೆಯನ ಮಾವ ಅಲ್ಲಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ. ಭಾನುವಾರ ಅವರ ಮನೆಗೆ ಊಟಕ್ಕೆ ಹೋದಾಗ ಈ ಮಾತು ಬಂತು. ಚೀಲ ಹೊತ್ತು ಸುಮ್ಮನೆ ನಿಂತರೆ ಪುಸ್ತಕದ ಪ್ರಕಾರ ಕೆಲಸ ಸೊನ್ನೆ ಅಂತ ಅಳಿಯ ಹೇಳಿದ. ನಾವು ಅವರಿಗೆ ಸಿಟ್ಟು ಬರುತ್ತೇನೋ ಅಂದುಕೊಂಡರೆ ಅವರು ನಕ್ಕರು. “ನಮ್ಮ ಸಾಹುಕಾರನ ಲೆಕ್ಕಾನೂ ಅದೇ ಐತಪ್ಪಾ. ಲಾರಿಗೆ ಏರಿಸಿದ ಚೀಲಕ್ಕ ದುಡ್ಡು. ಲಾರಿ ಬರ್ಲಿಲ್ಲಂತ ಹೊತ್ತು ನಿಂತ್ರ ದುಡ್ಡಿಲ್ಲ, ಬೆನ್ನುನೋವು ಮಾತ್ರ ನಂದು.”

ನಮಗೆ ಬೇಕಿದ್ದ ವ್ಯತ್ಯಾಸ ಆ ಮಾತಿನಲ್ಲೇ ಇತ್ತು. ಸ್ನಾಯು ಬಿಗಿಯಾಗಿರಲು ಅದರೊಳಗಿನ ಎಳೆಗಳು ಹಿಡಿಯುತ್ತಾ ಬಿಡುತ್ತಾ ಇರಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತಲೇ ಇರುತ್ತೆ. ತೂಕ ಸರಿಯದಿದ್ದರೆ ಆ ಖರ್ಚೆಲ್ಲ ಶಾಖ. ಪುಸ್ತಕದ “ಕೆಲಸ ಸೊನ್ನೆ” ಅನ್ನೋದು ಚೀಲಕ್ಕೆ ಸಿಕ್ಕ ಶಕ್ತಿಯ ಲೆಕ್ಕ, ಮಾವನ ದೇಹದ ಖರ್ಚಿನ ಲೆಕ್ಕ ಅಲ್ಲ. ಎರಡಕ್ಕೂ ಒಂದೇ ಪದ ಬಳಸೋದರಿಂದಲೇ ಈ ಗೊಂದಲ.

ತೂಕ ಸರಿದಾಗಲೂ ಸ್ನಾಯುವಿನಿಂದ ಕೆಲಸವಾಗಿ ಹೊರಬರೋದು ಖರ್ಚಿನ ನಾಲ್ಕನೇ ಒಂದು ಭಾಗದಷ್ಟು, ಅದೂ ಚೆನ್ನಾಗಿ ನಡೆದರೆ. ಹಾಗಾಗಿ ಸ್ಟೂಲಿಗೆ 18 ಜೂಲ್ ಕೊಡಲು ದೇಹ 70 ಜೂಲಿಗೂ ಹೆಚ್ಚು ಖರ್ಚು ಮಾಡಿರಬೇಕು. ಇದು ದೊಡ್ಡ ಮೊತ್ತ ಏನಲ್ಲ. ಮಾವನ ಮನೆಯಲ್ಲಿ ತಟ್ಟೆಗೆ ಬಡಿಸಿದ ಸೋನಾಮಸೂರಿ ಅಕ್ಕಿಯ ಒಂದು ಕಾಳಿನಲ್ಲಿ ಸುಮಾರು 200 ಜೂಲ್ ಇರುತ್ತೆ. 18 ಜೂಲ್ ಅಂದ್ರೆ 25 ಕೆಜಿ ಅಕ್ಕಿ ಚೀಲವನ್ನು ಏಳು ಸೆಂಟಿಮೀಟರ್ ಎತ್ತಿದಷ್ಟು. ಮಾವ ಒಂದು ಚೀಲವನ್ನು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಿದರೆ ಅದರ ಇಪ್ಪತ್ತು ಪಟ್ಟು.

ಸ್ಕೇಟರ್‌ಗಳಿಗೆ ಮಾತ್ರ ಹಿಡಿದಿಡೋದೇ ಕಷ್ಟದ ಭಾಗ. 2015ರಲ್ಲಿ ಕೆನಡಾದ ಒಲಿವಿಯಾ ಆಲಿವರ್ ನಿಮಿಷಕ್ಕೆ 342 ಸುತ್ತು ತಿರುಗಿ ಗಿನ್ನೆಸ್ ದಾಖಲೆ ಮಾಡಿದರು. ಅಂದ್ರೆ ω ಸುಮಾರು 36. ಆ ವೇಗದಲ್ಲಿ ಅಕ್ಷದಿಂದ 20 ಸೆಂ.ಮೀ. ದೂರ ಇರುವ ಒಂದೊಂದು ಕೆಜಿಯನ್ನು ಒಳಗೆ ಹಿಡಿದಿಡಲು 26 ಕೆಜಿ ಚೀಲ ಎತ್ತಿ ಹಿಡಿಯುವಷ್ಟು ಬಲ ಬೇಕು. ಕೈ ಬಿಗಿ ಸ್ವಲ್ಪ ಸಡಿಲವಾದರೂ ಹೊರಕ್ಕೆ ತೆರೆದುಕೊಳ್ಳುತ್ತೆ.

ಕೈ ಬಿಚ್ಚಿದಾಗ

ಮಡಚಿದ ಕೈ ಮತ್ತೆ ಚಾಚಿದರೆ ಸ್ಟೂಲ್ ನಿಧಾನವಾಗುತ್ತೆ. ಚಲನ ಶಕ್ತಿ 30ರಿಂದ ಹಿಂದಕ್ಕೆ 12ರ ಕಡೆ ಬರುತ್ತೆ. ಹಾಗಾದ್ರೆ 18 ಜೂಲ್ ದೇಹಕ್ಕೆ ವಾಪಸ್ ಬಂತಾ? ಬಂತು, ಆದರೆ ಊಟವಾಗಿ ಅಲ್ಲ. ಬಾಟಲಿಗಳು ಹೊರಕ್ಕೆ ಎಳೆಯುತ್ತವೆ, ಸ್ನಾಯು ತಡೆಯುತ್ತಾ ಬಿಟ್ಟುಕೊಡುತ್ತೆ, ಬಂದ ಶಕ್ತಿ ಹೆಚ್ಚುಕಡಿಮೆ ಎಲ್ಲ ಶಾಖವಾಗುತ್ತೆ. ಸ್ನಾಯು ಬ್ಯಾಟರಿಯ ಹಾಗೆ ರೀಚಾರ್ಜ್ ಆಗೋದಿಲ್ಲ. ಕೈಯ ಬದಲು ಸ್ಪ್ರಿಂಗ್ ಇದ್ದಿದ್ದರೆ ಅದು ಹಿಗ್ಗಿ ಆ ಶಕ್ತಿಯನ್ನು ಉಳಿಸಿಕೊಳ್ಳುತ್ತಿತ್ತು, ಮತ್ತೆ ಎಳೆಯಲು ಅದನ್ನೇ ಬಳಸುತ್ತಿತ್ತು.

ನಮ್ಮ ಗ್ರಾಫಿನಲ್ಲಿ ಕೈ ಮಡಚಿ, ಐದು ಸೆಕೆಂಡ್ ಹಿಡಿದು, ಬಿಚ್ಚಿದಾಗ ω 2.0ಕ್ಕೆ ಬರಲಿಲ್ಲ, 1.8ಕ್ಕೆ ಬಂತು. ಇದನ್ನು ನೋಡಿ ನಿಯಮ ತಪ್ಪು ಅನ್ನಬಾರದು. ಘರ್ಷಣೆಯ ಟಾರ್ಕ್ 0.2, ಒಟ್ಟು ಹೊತ್ತು ಸುಮಾರು ಆರು ಸೆಕೆಂಡ್, ಹಾಗಾಗಿ L 12ರಿಂದ 10.8ಕ್ಕೆ ಇಳಿದಿದೆ. 10.8ನ್ನು 6ರಿಂದ ಭಾಗಿಸಿ, 1.8. ಐಸ್ ಮೇಲೆ ಬ್ಲೇಡಿನ ಘರ್ಷಣೆ ಬಹಳ ಕಡಿಮೆ, ಅದಕ್ಕೇ ಈ ಆಟ ಐಸ್ ಮೇಲೆ ಚೆನ್ನಾಗಿ ನಡೆಯುತ್ತೆ. ಇನ್ನು ಗ್ರಾಫಿನಲ್ಲಿ ಪ್ರತಿ ಸುತ್ತಿಗೂ ವೇಗ ಒಮ್ಮೆ ಏರಿ ಒಮ್ಮೆ ಇಳಿದರೆ ಬೇರಿಂಗನ್ನು ಬೈಯಬೇಡಿ. ಸ್ಟೂಲ್ ವಾಲಿದೆ ಅಂತ ಅರ್ಥ: ಭಾರ ಹೆಚ್ಚಿರುವ ಕಡೆ ಇಳಿಜಾರಿಗೆ ಬಂದಾಗ ಜೋರು, ಏರುವಾಗ ನಿಧಾನ. ಪಾದದ ಕೆಳಗೆ ರಟ್ಟು ಕೊಟ್ಟು ಮಟ್ಟ ಮಾಡಿದರೆ ಹೋಗುತ್ತೆ.

ಶಾಲೆಗೆ ಕಳಿಸಿದ ಪುಟದಲ್ಲಿ ಇಂಟಿಗ್ರಲ್ ಇಲ್ಲ, ಕೊರಿಯೊಲಿಸ್ ಹೆಸರೂ ಇಲ್ಲ. ಅದರಲ್ಲಿರೋದು ಇಷ್ಟು: ಹೊರಗೆ ಓಡುವ ಬಾಟಲಿ ಒಳಗೆ ಬಂದಾಗ ಆ ಜಾಗಕ್ಕೆ ಅದರ ಓಟ ಹೆಚ್ಚಾಗುತ್ತೆ, ಅದು ನಿನ್ನ ಕೈಯನ್ನು ತಿರುಗುವ ಕಡೆ ದಬ್ಬುತ್ತೆ. ಬಾಟಲಿ ಹೊರಕ್ಕೆ ಹೋಗಲು ನೋಡುತ್ತಿರುವಾಗ ಒಳಕ್ಕೆ ಎಳೆದದ್ದು ನೀನು, ಖರ್ಚಾದದ್ದು ನೀನು ಉಂಡ ಅನ್ನ. ಕೆಳಗೆ 18 ಜೂಲಿನ ಕೂಡು-ಕಳೆ ಇದೆ, ಅದನ್ನು ಒಂಬತ್ತನೇ ಕ್ಲಾಸಿನವರು ಮಾಡಬಹುದು.

ಸ್ಟೂಲ್ ಈಗ ಬಳಗದ ಕೋಣೆಯಲ್ಲಿದೆ. ಕೂರುವವರು ಊಟವಾದ ಕೂಡಲೇ ಕೂರಬೇಡಿ, ತಲೆ ನೇರ ಇಡಿ, ಇಳಿಯುವಾಗ ಯಾರಾದರೂ ಹಿಡಿದುಕೊಳ್ಳಲಿ. ಮೊದಲ ಸಲ ಬಾಟಲಿ ಇಲ್ಲದೆ ಮಾಡಿ, ಎರಡನೇ ಸಲ ಬಾಟಲಿ ಹಿಡಿದು. ಎರಡನೇ ಸಲ ಕಣ್ಣು ಮುಚ್ಚಿ, ಬಾಟಲಿ ಯಾವ ಕಡೆ ಎಳೆಯುತ್ತೆ ಅಂತ ಗಮನಿಸಿ.